ಇನ್ನೂರು ರೂಪಾಯಿಯ ಫೇಶಿಯಲ್‌ನಲ್ಲಿ ಉಳಿಯುವುದೆಷ್ಟು?

ನಮ್ಮ ತಂಗಿಯ ಮಗಳು ಮನೆಯ ಒಂದು ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಪೇಟೆಗಿಂತ ಕಡಿಮೆ ಇರಲಿ ಅಂತ ಫೇಶಿಯಲ್‌ಗೆ 200 ರೂಪಾಯಿ, ಕೂದಲು ಟ್ರಿಮ್ ಮಾಡಲು 80 ರೂಪಾಯಿ ಇಟ್ಟಿದ್ದಳು. "ಮಾಮ, ಕೆಲಸ ಉಂಟು, ತಿಂಗಳ ಕೊನೆಗೆ ದುಡ್ಡಿಲ್ಲ" ಅಂದಾಗ ಪುಸ್ತಕ ತೆಗೆದು ಲೆಕ್ಕಕ್ಕೆ ಕೂತೆವು.

ಮೊದಲು ಸಾಮಾನು. 600 ರೂಪಾಯಿಯ ಕಿಟ್ ಆರು ಸಲಕ್ಕೆ ಅಂತ ಡಬ್ಬದಲ್ಲಿ ಬರೆದಿದೆ. ಅವಳ ಕೈಯಲ್ಲಿ ಬಂದದ್ದು ಐದೇ ಸಲಕ್ಕೆ. ಅಲ್ಲಿಗೆ ಒಂದಕ್ಕೆ 120. ಹತ್ತಿ, ಟಿಶ್ಯೂ, ಟವೆಲ್ ಒಗೆಯುವುದಕ್ಕೆ 20. ಒಟ್ಟು 140.

ಎರಡನೆಯದು ಸಮಯ. ಫೇಶಿಯಲ್ ಒಂದು ಗಂಟೆ ಅನ್ನುತ್ತೇವೆ, ಆದರೆ ಸಿದ್ಧತೆ, ತೊಳೆಯುವುದು ಸೇರಿ ಒಂದೂಕಾಲು ಗಂಟೆ. ಬೇರೆಯವರ ಪಾರ್ಲರ್‌ನಲ್ಲಿ ದುಡಿದರೆ ಗಂಟೆಗೆ 60 ಸಿಕ್ಕೀತು ಅಂತ ಹಿಡಿದರೂ ಕೂಲಿ 75.

ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಕರೆಂಟು, ಸಾಮಾನು ತರುವ ಬಸ್ ಖರ್ಚು, ಕುರ್ಚಿ ಮತ್ತು ಸ್ಟೀಮರ್ ಸವೆಯುವುದು ಸೇರಿ ತಿಂಗಳಿಗೆ 1,500. ಇದನ್ನು ಬಾಗಿಲು ತೆರೆದಿಟ್ಟ ಗಂಟೆಗಳಿಂದಲ್ಲ, ನಿಜವಾಗಿ ಗಿರಾಕಿ ಕೂತ ಗಂಟೆಗಳಿಂದ ಭಾಗಿಸಬೇಕು. ಅವಳಿಗೆ ತಿಂಗಳಿಗೆ ಸುಮಾರು 50 ಗಂಟೆ. ಗಂಟೆಗೆ 30, ಫೇಶಿಯಲ್‌ಗೆ ಸುಮಾರು 38.

ಕೂಡಿಸಿದರೆ 253. ತೆಗೆದುಕೊಂಡದ್ದು 200. ಅಂದರೆ 75 ರೂಪಾಯಿಯ ಕೂಲಿಯಲ್ಲಿ ಅವಳಿಗೆ ಸಿಕ್ಕಿದ್ದು 22 ಮಾತ್ರ. ಟ್ರಿಮ್ಮಿಗೆ ಅರ್ಧ ಗಂಟೆ: ಸಾಮಾನು 5, ಕೂಲಿ 30, ಇತರೆ 15, ಒಟ್ಟು 50. ಅದರಲ್ಲಿ 30 ಉಳಿಯುತ್ತದೆ. ದೊಡ್ಡ ಕೆಲಸ ಅಂತ ನಂಬಿದ್ದೇ ನಷ್ಟದಲ್ಲಿತ್ತು, ಸಣ್ಣದು ಅದನ್ನು ಸಾಕುತ್ತಿತ್ತು!

ಹಾಗಾದರೆ ಎಲ್ಲದರ ದರ ಏರಿಸುವುದಾ? ಬೇಡ. ಟ್ರಿಮ್ 80ರಲ್ಲೇ ಇರಲಿ, ಫೇಶಿಯಲ್ 290 ಆಗಲಿ ಅಂದೆವು. ಹಾಳಾಗುವ ಕ್ರೀಮಿಗೆ, ಗಿರಾಕಿ ಇಲ್ಲದ ದಿನಗಳಿಗೆ ಆ ಹೆಚ್ಚಿನ 37 ಬೇಕು. ರಂಝಾನಿನಲ್ಲಿ ಹಗಲು ಗಿರಾಕಿ ಕಡಿಮೆಯಾಗಿ ಗಂಟೆಗಳು 30ಕ್ಕೆ ಇಳಿದರೆ ಇತರೆ ಖರ್ಚೇ ಗಂಟೆಗೆ 50 ಆಗುತ್ತದೆ. ಆದ್ದರಿಂದ ಮೂರು ನಾಲ್ಕು ತಿಂಗಳ ಸರಾಸರಿ ಹಿಡಿಯಿರಿ.

ಕಿಟ್ ತೆರೆದ ದಿನವೇ ಡಬ್ಬದ ಮೇಲೆ ತಾರೀಕು ಬರೆದು, ಪ್ರತಿ ಸಲಕ್ಕೂ ಒಂದು ಗೀಟು ಹಾಕಿ. ಎಷ್ಟು ಸಲಕ್ಕೆ ಬಂತು ಅಂತ ಗೀಟೇ ಹೇಳುತ್ತದೆ. ನೆಂಟರಿಗೆ ಕಡಿಮೆ ಮಾಡುವುದಿದ್ದರೂ ಪೂರ್ತಿ ದರ ಬರೆದು, ಬಿಟ್ಟದ್ದನ್ನು ಪಕ್ಕದಲ್ಲಿ ಬರೆಯಿರಿ. ಗಿರಾಕಿಗೆ ಮೋಸ ಮಾಡಬಾರದು ಅಂತ ಮಕ್ಕಳಿಗೆ ಕಲಿಸುತ್ತೇವೆ. ದುಡಿದವಳ ಕೂಲಿಯನ್ನು ಲೆಕ್ಕದಿಂದ ಬಿಟ್ಟರೆ ಅದೂ ನ್ಯಾಯದ ದರವಲ್ಲ.