ಬಾರಾ ಕಮಾನಿಗೆ ಗುಮ್ಮಟ ಇರಲಿಲ್ಲ

ಬಾರಾ ಕಮಾನ್ ಎರಡನೆಯ ಅಲಿ ಆದಿಲ್ ಶಾಹನ ಅಪೂರ್ಣ ಸಮಾಧಿ. ಅದು ಪೂರ್ಣಗೊಂಡಿದ್ದರೆ ಹೇಗಿರುತ್ತಿತ್ತು ಎಂದು ನಾನೊಂದು ವಿಡಿಯೊ ಮಾಡಿದೆ. ಮೊಬೈಲಿನಲ್ಲಿ ತೆಗೆದ ದೃಶ್ಯಗಳ ನಡುವೆ ಎಐನಿಂದ ಮಾಡಿದ ಗುಮ್ಮಟ ಇಪ್ಪತ್ತು ಸೆಕೆಂಡು ಬರುತ್ತದೆ. ನೋಡಿದ ಟಿಕೋಟಾದ ಗೆಳೆಯ ಕೇಳಿದ: "ಈ ಗುಮ್ಮಟ ಯಾವಾಗ ಬಿತ್ತಪಾ?"

ತಪ್ಪು ನನ್ನದೇ. 'ಎಐ ದೃಶ್ಯ ಇದೆ' ಎಂದು ಬರೆದಿದ್ದೆ, ಆದರೆ ವಿವರಣೆಯ ಕೊನೆಗೆ, ಹ್ಯಾಷ್‌ಟ್ಯಾಗ್‌ಗಳ ಕೆಳಗೆ. 'ಇನ್ನಷ್ಟು' ಒತ್ತದವರಿಗೆ ಅದು ಕಾಣುವುದೇ ಇಲ್ಲ. ಮೊದಲೇ ಬರೆದರೆ ಹುಡುಕಾಟದಲ್ಲಿ ವಿಡಿಯೊ ಸಿಗಲಿಕ್ಕಿಲ್ಲ ಎಂಬ ಹೆದರಿಕೆ ನನಗಿತ್ತು.

ಈಗ ಶೀರ್ಷಿಕೆಯಲ್ಲಿ ವಿಷಯವಷ್ಟೇ ಇದೆ: 'ಬಾರಾ ಕಮಾನ್, ವಿಜಯಪುರ: ಪೂರ್ಣಗೊಂಡಿದ್ದರೆ?' ವಿವರಣೆಯ ಮೊದಲ ಸಾಲು ಹೀಗಿದೆ: 'ವಿಜಯಪುರದ (ಬಿಜಾಪುರ) ಬಾರಾ ಕಮಾನ್, 0:40ರಿಂದ 1:00ರವರೆಗಿನ ಗುಮ್ಮಟ ಎಐ ಕಲ್ಪನೆ, ಉಳಿದದ್ದು ಸ್ಥಳದಲ್ಲೇ ತೆಗೆದದ್ದು.' 2014ರಲ್ಲಿ ಊರಿನ ಹೆಸರು ಬದಲಾದರೂ ಹಳೆಯ ಹೆಸರಿನಿಂದ ಹುಡುಕುವವರಿದ್ದಾರೆ, ಅದಕ್ಕೇ ಎರಡೂ ಹೆಸರು. 'ಅಸಲಿ ಗುಮ್ಮಟ' ಎಂಬ ಟ್ಯಾಗ್ ತೆಗೆದೆ. ಅದು ಹುಡುಕುವವರಿಗೆ ಹೇಳಿದ ಸುಳ್ಳು.

ಯೂಟ್ಯೂಬ್ ಸ್ಟುಡಿಯೊದಲ್ಲಿ Altered content ಪ್ರಶ್ನೆಗೆ 'ಹೌದು' ಎಂದೆ. ಬೆಳಕು, ಬಣ್ಣ ತಿದ್ದಿದ್ದಕ್ಕೆ ಇದು ಬೇಕಿಲ್ಲ. ಇಲ್ಲದ್ದನ್ನು ನಿಜವೆಂಬಂತೆ ತೋರಿಸಿದಾಗ ಬೇಕು.

ಆದರೂ ತುಣುಕನ್ನು ಕತ್ತರಿಸಿ ವಾಟ್ಸಾಪಿಗೆ ಹಾಕಿದರೆ ವಿವರಣೆ ಜೊತೆಗೆ ಹೋಗುವುದಿಲ್ಲ. ಆದ್ದರಿಂದ ಆ ಇಪ್ಪತ್ತು ಸೆಕೆಂಡೂ ಪರದೆಯ ಮೇಲೆ 'ಕಲ್ಪನೆ' ಎಂಬ ಪದ ಇರಲೇಬೇಕು.