‘ಗಂಡನ ಅರ್ಧ ಬರುತ್ತಲ್ಲ’ ಅನ್ನುವವರಿಗೆ

ರಾಲಿ, ಕ್ಯಾರಿ, ಮಾರಿಸ್‌ವಿಲ್‌ನ ಕನ್ನಡ ಮನೆಗಳಲ್ಲಿ ನಿವೃತ್ತಿಯ ಮಾತು ಎದ್ದಾಗೆಲ್ಲ ಯಾರಾದರೊಬ್ಬ ಗಂಡಸು ಹೇಳುವ ಮಾತೊಂದಿದೆ: “ಅವಳಿಗೇನು ಚಿಂತೆ, ನನ್ನ ಸೋಶಿಯಲ್ ಸೆಕ್ಯುರಿಟಿಯಲ್ಲಿ ಅರ್ಧ ಬರುತ್ತಲ್ಲ.” ಮಕ್ಕಳನ್ನು ಸಾಕಲು, ಕಾಯಿಲೆ ಬಿದ್ದ ಹಿರಿಯರನ್ನು ನೋಡಿಕೊಳ್ಳಲು ಕೆಲಸ ಬಿಟ್ಟವರಿಗೆ ಪಿಂಚಣಿ ಕ್ರೆಡಿಟ್ ಕೊಡಿ ಎಂದು ಕೇಳಿದಾಗ ವಾಷಿಂಗ್ಟನ್ನಿನಿಂದ ಬರುವ ಉತ್ತರವೂ ಇದೇ. 1939ರಲ್ಲೇ ಹೆಂಡತಿಯ ಪಾಲು ಕಾನೂನಿಗೆ ಸೇರಿದೆ, ಇನ್ನೇನು ಬೇಕು ಅನ್ನುತ್ತಾರೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಒಮ್ಮೆಯೂ ಕೂತು ಲೆಕ್ಕ ಹಾಕಿಲ್ಲ. ಹಾಕಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಲೆಕ್ಕ ಕಷ್ಟದ್ದೇನಲ್ಲ. ಪಿಂಚಣಿಗೆ ಅರ್ಹತೆ ಬರಲು 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ 4. ಆದರೆ 40 ಮುಟ್ಟಿದರೆ ಬಾಗಿಲು ತೆರೆಯುತ್ತದೆ ಅಷ್ಟೆ; ಒಳಗೆ ಎಷ್ಟು ಸಿಗುತ್ತದೆ ಅನ್ನುವುದು ಬೇರೆ. ಅದಕ್ಕೆ ಅತಿ ಹೆಚ್ಚು ದುಡಿದ 35 ವರ್ಷಗಳ ಸಂಬಳವನ್ನು ಇಂದಿನ ಮಟ್ಟಕ್ಕೆ ಏರಿಸಿ, ಕೂಡಿಸಿ, 420 ತಿಂಗಳಿಂದ ಭಾಗಿಸುತ್ತಾರೆ. ನೀವು 26 ವರ್ಷ ಮಾತ್ರ ದುಡಿದಿದ್ದರೂ ಭಾಗಿಸುವುದು 420ರಿಂದಲೇ. ಉಳಿದ 9 ವರ್ಷಕ್ಕೆ ಸೊನ್ನೆ.

ಒಂದು ಉದಾಹರಣೆ ತಗೊಳ್ಳಿ. ಹೆಂಗಸೊಬ್ಬಳು 30ರ ವಯಸ್ಸಿಗೆ ಎಚ್-4 ವೀಸಾದಲ್ಲಿ ಕ್ಯಾರಿಗೆ ಬರುತ್ತಾಳೆ. ಕೆಲಸ ಮಾಡುವ ಅನುಮತಿ ಇಲ್ಲ. ಗಂಡನ ಐ-140 ಮಂಜೂರಾಗಿ ಇಎಡಿ ಕೈಗೆ ಬರುವಷ್ಟರಲ್ಲಿ ಎರಡನೇ ಮಗು. ಆಮೇಲೆ ಅತ್ತೆಗೆ ಪಾರ್ಶ್ವವಾಯು. 41ಕ್ಕೆ ಕೆಲಸಕ್ಕೆ ಸೇರಿ 67ರವರೆಗೆ 26 ವರ್ಷ, ಇಂದಿನ ಲೆಕ್ಕದಲ್ಲಿ ವರ್ಷಕ್ಕೆ 60,000 ಡಾಲರ್ ದುಡಿಯುತ್ತಾಳೆ. 2025ರ ಸೂತ್ರದ ಪ್ರಕಾರ ಅವಳ ಪಿಂಚಣಿ ತಿಂಗಳಿಗೆ ಸುಮಾರು 1,900 ಡಾಲರ್. ಅದೇ ಸಂಬಳದಲ್ಲಿ ಪೂರ್ತಿ 35 ವರ್ಷ ದುಡಿದಿದ್ದರೆ 2,311. ಮಕ್ಕಳ ಡೈಪರಿಗೂ ಅತ್ತೆಯ ಗಾಲಿಕುರ್ಚಿಗೂ ಹೋದ ವರ್ಷಗಳ ದಂಡ ತಿಂಗಳಿಗೆ 411 ಡಾಲರ್, ಅವಳು ಸಾಯುವ ತನಕ.

ಈಗ ಗಂಡನ ಅರ್ಧದ ಮಾತಿಗೆ ಬರೋಣ. ಗಂಡ 35 ವರ್ಷ, ವರ್ಷಕ್ಕೆ 1,20,000 ಡಾಲರ್ ದುಡಿದಿದ್ದಾನೆ ಎನ್ನಿ. ಅವನಿಗೆ ಸುಮಾರು 3,467 ಡಾಲರ್ ಬರುತ್ತದೆ. ಅದರ ಅರ್ಧ ಸುಮಾರು 1,734. ಹೆಂಡತಿಯ ಸ್ವಂತ ಪಿಂಚಣಿ 1,900. ಎರಡನ್ನೂ ಕೂಡಿಸಿ ಕೊಡುವುದಿಲ್ಲ, ಯಾವುದು ದೊಡ್ಡದೋ ಅಷ್ಟೇ ಅವಳ ಕೈಗೆ. ಅಂದರೆ ಗಂಡನ ಅರ್ಧದಿಂದ ಅವಳಿಗೆ ಬಂದದ್ದು ಒಂದು ಡಾಲರೂ ಇಲ್ಲ! ಇನ್ನೂ ಕೆಟ್ಟದ್ದಿದೆ. ಪಕ್ಕದ ಮನೆಯಲ್ಲಿ ಒಂದು ದಿನವೂ ದುಡಿಯದ, ಮಕ್ಕಳನ್ನೂ ಸಾಕದ ಹೆಂಡತಿಯೊಬ್ಬಳಿದ್ದು, ಆಕೆಯ ಗಂಡನೂ ಇಷ್ಟೇ ದುಡಿದಿದ್ದರೆ ಆಕೆಗೆ 1,734 ಬರುತ್ತದೆ. 26 ವರ್ಷ ಸಂಬಳದಲ್ಲಿ ನೂರಕ್ಕೆ 6.2 ತೆರಿಗೆ ಕಟ್ಟಿ, ಕಂಪನಿಯಿಂದಲೂ ಅಷ್ಟೇ ಕಟ್ಟಿಸಿ, ಮೇಲೆ ಮಕ್ಕಳನ್ನೂ ಅತ್ತೆಯನ್ನೂ ನೋಡಿಕೊಂಡವಳಿಗೆ ಆಕೆಗಿಂತ ಸಿಗುವ ಹೆಚ್ಚುವರಿ ತಿಂಗಳಿಗೆ 166 ಡಾಲರ್.

ನೂರ ಅರವತ್ತಾರು ಡಾಲರ್. ಈ ಅಂಕಿಯನ್ನು ನೆನಪಿಡಿ. ಈ ಕಾನೂನು ಹಣ ಕೊಡುವುದು ಮದುವೆಗೆ, ಆರೈಕೆಗಲ್ಲ. ಸಿರಿವಂತನ ಕೈಹಿಡಿದವಳಿಗೆ ಮಗುವಿಲ್ಲದಿದ್ದರೂ ಪೂರ್ತಿ ಅರ್ಧ. ಒಂಟಿಯಾಗಿ ಇಬ್ಬರು ಮಕ್ಕಳನ್ನು ಬೆಳೆಸಿದ ತಾಯಿಗೆ ಸೊನ್ನೆ. ಮದುವೆ 10 ವರ್ಷ ತುಂಬುವ ಮುಂಚೆ ವಿಚ್ಛೇದನವಾದರೆ, ಒಂದೇ ತಿಂಗಳು ಕಡಿಮೆಯಾದರೂ, ಮಾಜಿ ಗಂಡನ ಖಾತೆಯಿಂದ ಅವಳಿಗೆ ಏನೂ ಇಲ್ಲ. ಮದುವೆ ಉಳಿದಿದ್ದರೂ ಗಂಡ ತನ್ನ ಪಿಂಚಣಿಗೆ ಅರ್ಜಿ ಹಾಕುವ ತನಕ ಹೆಂಡತಿಯ ಪಾಲು ಶುರುವಾಗುವುದಿಲ್ಲ. ಅವನು 70ರವರೆಗೆ ಕಾಯುತ್ತೇನೆ ಅಂದರೆ ಅವಳೂ ಕಾಯಬೇಕು.

ಕಾನೂನಿನ ಇನ್ನೊಂದು ಮೂಲೆ ನೋಡಿ. ಪಕ್ಕದ ಮನೆಯ ಮಗುವನ್ನು ಆ ಮನೆಗೇ ಹೋಗಿ ನೋಡಿಕೊಂಡು 2025ರಲ್ಲಿ 2,800 ಡಾಲರ್ ಸಂಪಾದಿಸಿದ್ದರೆ ಆ ಕೂಲಿ ಸೋಶಿಯಲ್ ಸೆಕ್ಯುರಿಟಿಗೆ ಸೇರುತ್ತದೆ, ಕ್ರೆಡಿಟ್ ಬೀಳುತ್ತದೆ. ಅದೇ ಕೈ, ಅದೇ ಕೆಲಸ, ತನ್ನ ಮನೆಯಲ್ಲಾದರೆ ಇಲ್ಲ. ಗಂಡ ಹೆಂಡತಿಗೆ ಮನೆಗೆಲಸದ ಸಂಬಳವೆಂದು ಚೆಕ್ ಬರೆದುಕೊಟ್ಟರೂ ಆ ಹಣ ಲೆಕ್ಕಕ್ಕಿಲ್ಲ ಎಂದು ಕಾನೂನಿನಲ್ಲೇ ಬರೆದಿಟ್ಟಿದ್ದಾರೆ. ಆರೈಕೆಗೆ ಬೆಲೆ ಕಟ್ಟಲು ಬರುವುದಿಲ್ಲ ಅನ್ನುವ ವಾದ ಇಲ್ಲೇ ಬಿದ್ದುಹೋಗುತ್ತದೆ. ಬೆಲೆ ಕಟ್ಟಿದ್ದಾರೆ, ಕೊಡಲು ಮನಸ್ಸಿಲ್ಲ.

2033ಕ್ಕೆ ನಿಧಿ ಬರಿದಾಗುತ್ತದೆ, ಹೊಸ ಕ್ರೆಡಿಟ್‌ಗೆ ದುಡ್ಡೆಲ್ಲಿ ಎಂದು ಕೇಳುತ್ತಾರೆ. 2025ರಲ್ಲಿ 1,76,100 ಡಾಲರ್ ದಾಟಿದ ಸಂಬಳದ ಮೇಲೆ ಸೋಶಿಯಲ್ ಸೆಕ್ಯುರಿಟಿ ತೆರಿಗೆಯೇ ಇರಲಿಲ್ಲ. ಅಲ್ಲಿ ಮೊದಲು ಕೈಹಾಕಲಿ, ಆಮೇಲೆ ತಾಯಂದಿರ ಹತ್ತಿರ ಬರಲಿ. ಪಕ್ಕದ ಕೆನಡಾದಲ್ಲಿ ಮಗುವಿಗೆ 7 ವರ್ಷ ತುಂಬುವ ತನಕದ ಕಡಿಮೆ ಸಂಬಳದ ಕಾಲವನ್ನು ಸರಾಸರಿಯಿಂದ ತೆಗೆದುಹಾಕುತ್ತಾರೆ. ಜರ್ಮನಿಯಲ್ಲಿ 1992ರಿಂದ ಈಚೆಗೆ ಹುಟ್ಟಿದ ಪ್ರತಿ ಮಗುವಿಗೂ 3 ವರ್ಷ, ತಾಯಿ ದೇಶದ ಸರಾಸರಿ ಸಂಬಳ ದುಡಿದಂತೆ ಲೆಕ್ಕ ಹಿಡಿಯುತ್ತಾರೆ. ಆ ದೇಶಗಳೇನೂ ದಿವಾಳಿಯಾಗಿಲ್ಲ. ಇಲ್ಲಿ ಕನೆಕ್ಟಿಕಟ್‌ನ ಸೆನೆಟರ್ ಕ್ರಿಸ್ ಮರ್ಫಿ ಮತ್ತಿತರರು ಆರೈಕೆ ಮಾಡುವವರಿಗೆ 5 ವರ್ಷದವರೆಗೆ ಕ್ರೆಡಿಟ್ ಕೊಡುವ ಮಸೂದೆಯನ್ನು ಮತ್ತೆ ಮತ್ತೆ ತಂದರು. ಒಮ್ಮೆಯೂ ಪಾಸಾಗಲಿಲ್ಲ.

ನಮ್ಮವರ ಪಾಡು ಇದಕ್ಕಿಂತ ಕಟುವಾದದ್ದು. ಎಚ್-4ನಲ್ಲಿ ಬಂದವರಿಗೆ 2015ರ ಮೇ ತಿಂಗಳವರೆಗೆ ಇಎಡಿಯೇ ಇರಲಿಲ್ಲ. ಇವರು ಮಕ್ಕಳಿಗೋಸ್ಕರ ಕೆಲಸ ಬಿಟ್ಟವರಲ್ಲ. ಕೆಲಸ ಮಾಡಬೇಡ ಎಂದು ಸರ್ಕಾರವೇ ಕೂರಿಸಿ, ಕೂತ ವರ್ಷಗಳಿಗೆ ಸೊನ್ನೆಯನ್ನೂ ಹಾಕಿತು. ಇದರ ಮೇಲೆ ಭಾರತ ಮತ್ತು ಅಮೆರಿಕದ ನಡುವೆ ಎರಡೂ ದೇಶದ ದುಡಿಮೆಯನ್ನು ಕೂಡಿಸಿ ನೋಡುವ ಒಪ್ಪಂದ ಇವತ್ತಿಗೂ ಇಲ್ಲ. ಪ್ರಧಾನಿಗಳು ಬರುತ್ತಾರೆ, ಸ್ಟೇಡಿಯಂ ತುಂಬುತ್ತದೆ, ನಾವು ಬಾವುಟ ಬೀಸುತ್ತೇವೆ. ಈ ಒಪ್ಪಂದ ಎಲ್ಲಿ ಎಂದು ಎದ್ದು ನಿಂತು ಕೇಳಿದ ಒಂದು ಕನ್ನಡ ವೇದಿಕೆಯನ್ನು ನಾನು ಕಂಡಿಲ್ಲ.

ಇದರ ಪೆಟ್ಟು ಹೇಗೆ ಬೀಳುತ್ತದೆ ನೋಡಿ. ಬೆಂಗಳೂರಿನಲ್ಲಿ 7 ವರ್ಷ ಕೆಲಸ ಮಾಡಿದವಳು ಇಲ್ಲಿ 2016ರಿಂದ 2024ರವರೆಗೆ 9 ವರ್ಷ ದುಡಿದು, ತಾಯಿಗೆ ಹುಷಾರಿಲ್ಲವೆಂದು ಆ ಡಿಸೆಂಬರಿನಲ್ಲಿ ಮೈಸೂರಿಗೆ ಮರಳುತ್ತಾಳೆ. ಅಲ್ಲಿ ಪಿಎಫ್ ಜೊತೆಗಿನ ಇಪಿಎಸ್ ಪಿಂಚಣಿಗೆ 10 ವರ್ಷದ ಸೇವೆ ಬೇಕು, ಅವಳದ್ದು 7. ಇಲ್ಲಿ 40 ಕ್ರೆಡಿಟ್ ಬೇಕು, ಅವಳದ್ದು 36. ಒಟ್ಟು 16 ವರ್ಷ ದುಡಿದವಳಿಗೆ ತನ್ನ ದುಡಿಮೆಯ ಮೇಲೆ ಎರಡೂ ದೇಶದಿಂದ ತಿಂಗಳ ಪಿಂಚಣಿ ಇಲ್ಲ. ವರ್ಷಕ್ಕೆ 60,000ದ ಸಂಬಳವಾದರೆ ಅವಳ ಕೈಯಿಂದಲೇ ಇಲ್ಲಿ ಕಡಿತವಾದದ್ದು 33,480 ಡಾಲರ್. ಅದು ವಾಪಸು ಬರುವುದಿಲ್ಲ.

ಇಲ್ಲಿ ಒಂದು ವಿಷಯ ಯಾರೂ ಅವಳಿಗೆ ಹೇಳಿರುವುದಿಲ್ಲ. ಕ್ರೆಡಿಟ್ ಬೀಳುವುದು ತಿಂಗಳ ಲೆಕ್ಕದಲ್ಲಲ್ಲ, ವರ್ಷದ ಸಂಪಾದನೆಯ ಮೇಲೆ. 2025ರಲ್ಲಿ 1,810 ಡಾಲರಿಗೆ ಒಂದು, 7,240ಕ್ಕೆ ನಾಲ್ಕೂ. ಡಿಸೆಂಬರಿನಲ್ಲಿ ಹೊರಡುವ ಬದಲು ಜನವರಿ ಮತ್ತು ಫೆಬ್ರುವರಿ ಸಂಬಳ ತಗೊಂಡು ಹೊರಟಿದ್ದರೆ 40 ತುಂಬುತ್ತಿತ್ತು. ಟಿಕೆಟ್ ಬುಕ್ ಮಾಡುವ ಮೊದಲು `ssa.gov` ತಾಣದಲ್ಲಿ ನಿಮ್ಮ ಖಾತೆ ತೆರೆದು ವರ್ಷವಾರು ಸಂಪಾದನೆಯ ಪಟ್ಟಿ ನೋಡಿ. ದುಡಿದ ವರ್ಷದ ಎದುರೂ ಸೊನ್ನೆ ಇದ್ದರೆ ಡಬ್ಲ್ಯು-2 ಹಿಡಿದು ಸರಿಪಡಿಸಿಕೊಳ್ಳಿ. ಆ ವರ್ಷ ಮುಗಿದು 3 ವರ್ಷ, 3 ತಿಂಗಳು, 15 ದಿನ ಕಳೆದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಊರಿನ ಇಪಿಎಸ್ ಹಣವನ್ನು ಫಾರಂ 10ಸಿ ಹಾಕಿ ಬಿಡಿಸಿಕೊಳ್ಳುವ ಬದಲು ಅದೇ ಫಾರಂನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಮರಳಿ ಹೋಗಿ ಮೂರು ವರ್ಷ ಕೆಲಸ ಮಾಡಿದರೆ ಹಳೆಯ 7 ವರ್ಷ ಅದಕ್ಕೆ ಕೂಡುತ್ತದೆ. ಬಿಡಿಸಿಕೊಂಡವರು ಮತ್ತೆ ಒಂದರಿಂದ ಎಣಿಸಬೇಕು.

ಇಲ್ಲೇ ಉಳಿಯುವವರಿಗೂ ಸೊನ್ನೆ ತುಂಬುವ ದಾರಿಗಳಿವೆ. ಇಎಡಿಯೋ ಗ್ರೀನ್ ಕಾರ್ಡೋ ಇದ್ದು ಮನೆಯಲ್ಲಿ ಭರತನಾಟ್ಯ ಕಲಿಸುವವರು, ಚಕ್ಕುಲಿ ಕೋಡುಬಳೆ ಮಾಡಿ ಮಾರುವವರು ನಗದು ತಗೊಂಡು ಸುಮ್ಮನಿರಬೇಡಿ. ವರ್ಷದ ಲಾಭ 400 ಡಾಲರ್ ಮುಟ್ಟಿದರೆ ಶೆಡ್ಯೂಲ್ ಎಸ್‌ಇ ತುಂಬಿ ತೆರಿಗೆ ಕಟ್ಟಲೇಬೇಕು. ಆ ಕಾಗದವೇ ನಿಮಗೆ ಕ್ರೆಡಿಟ್ ತರುವುದು. ಮಗು ಹುಟ್ಟಿದ ವರ್ಷ ಲಾಭ ಬಿದ್ದುಹೋದರೆ ಅದೇ ಫಾರಂನಲ್ಲಿ ಆಪ್ಶನಲ್ ಮೆಥಡ್ ಎಂಬ ದಾರಿ ಇದೆ. ಹಿಂದಿನ 3 ವರ್ಷಗಳಲ್ಲಿ 2 ವರ್ಷವಾದರೂ 400 ಡಾಲರ್ ಲಾಭವಿದ್ದು ಉಳಿದ ಷರತ್ತುಗಳೂ ಹೊಂದಿದರೆ, ಒಟ್ಟು ವಹಿವಾಟಿನ ಮೂರನೇ ಎರಡು ಭಾಗದವರೆಗೆ ಸಂಪಾದನೆ ಎಂದು ತೋರಿಸಬಹುದು, ಒಂದೇ ವರ್ಷದಲ್ಲಿ ನಾಲ್ಕೂ ಕ್ರೆಡಿಟ್ ಸಿಗಬಹುದು. ಜೀವನದಲ್ಲಿ 5 ಸಲ ಮಾತ್ರ. ಇಎಡಿ ಇಲ್ಲದವರು ಇದರ ಹತ್ತಿರ ಹೋಗಬಾರದು; ವೀಸಾಕ್ಕೇ ಕುತ್ತು.

ಅತ್ತೆ ಮಾವ ತಮ್ಮ ಸ್ವಂತ ಹಣದಿಂದ ಸೊಸೆಗೆ ಆರೈಕೆಯ ಸಂಬಳ ಕೊಟ್ಟು ಶೆಡ್ಯೂಲ್ ಎಚ್ ತುಂಬಿದರೆ ಅದು ಲೆಕ್ಕಕ್ಕೆ ಬರುತ್ತದೆ. ಗಂಡ ಕೊಟ್ಟರೆ ಬರದ ಹಣ ಅತ್ತೆ ಕೊಟ್ಟರೆ ಬರುತ್ತದೆ. ಅತ್ತೆಯ ಕೈಯಲ್ಲಿ ದುಡ್ಡಿರಬೇಕು ಅಷ್ಟೆ. ಮಗನ ಮನೆಗೆ ಬಂದಿರುವ ನಮ್ಮ ಅತ್ತೆಯರಲ್ಲಿ ಎಷ್ಟು ಜನರ ಹತ್ತಿರ ಇದೆ? ಹಾಗಾಗಿ ಗಂಡಂದಿರಿಗೆ ಹೇಳುತ್ತೇನೆ: ಹೆಂಡತಿಗೆ ಸಂಪಾದನೆ ಇಲ್ಲದ ವರ್ಷವೂ, ಜಂಟಿ ರಿಟರ್ನ್ ಹಾಕುವವರು ಅವಳ ಹೆಸರಿನ ಐಆರ್‌ಎ ಖಾತೆಗೆ ಹಣ ಹಾಕಬಹುದು; 2025ಕ್ಕೆ ಇದರ ಮಿತಿ 7,000 ಡಾಲರ್ ಇತ್ತು. ಆದಾಯ ಹೆಚ್ಚಿದ್ದರೆ ತೆರಿಗೆ ವಿನಾಯಿತಿ ಸಿಗದೆ ಹೋಗಬಹುದು, ಹಣ ಹಾಕಲು ಅಡ್ಡಿಯಿಲ್ಲ. ನಿಮ್ಮ 401ಕೆ ತುಂಬಿಸಿ ‘ನಮ್ಮಿಬ್ಬರದ್ದೂ’ ಅನ್ನುವ ಮಾತು ಬಿಡಿ. ಅವಳ ಹೆಸರಿನಲ್ಲಿ ಹಾಕಿ.

ಆದರೆ ಇವೆಲ್ಲ ಗೊತ್ತಿದ್ದವರಿಗೆ, ಕೈಯಲ್ಲಿ ಕಾಸಿದ್ದವರಿಗೆ. ಸೊನ್ನೆಯನ್ನು ಅಳಿಸಬೇಕಾದ್ದು ಕಾನೂನು. 2026ರ ನವೆಂಬರಿನಲ್ಲಿ ಉತ್ತರ ಕೆರೊಲಿನಾದ ಸೆನೆಟ್ ಸ್ಥಾನಕ್ಕೆ ಚುನಾವಣೆ ಇದೆ. ಈ ದೇಶದ ಪೌರತ್ವ ಪಡೆದ ಕನ್ನಡಿಗರು ವೇಕ್ ಕೌಂಟಿಯಲ್ಲಿ ಮತ ಹಾಕಬಲ್ಲರು, ಎಚ್-4ನಲ್ಲಿ ಕೂತಿರುವ ಹೆಣ್ಣುಮಕ್ಕಳು ಹಾಕಲಾರರು. ಅವರ ಪರವಾಗಿ ನೀವು ಕೇಳಿ. ಹಬ್ಬಕ್ಕೆಂದು ದೇವಸ್ಥಾನಕ್ಕೆ ಬಂದು ಹಣೆಗೆ ಕುಂಕುಮ ಇಡಿಸಿಕೊಳ್ಳುವ ಪ್ರತಿ ಅಭ್ಯರ್ಥಿಯನ್ನೂ ನಿಲ್ಲಿಸಿ ಎರಡೇ ಪ್ರಶ್ನೆ ಕೇಳಿ: ಆರೈಕೆಯ 5 ವರ್ಷಕ್ಕೆ ಕ್ರೆಡಿಟ್ ಕೊಡುವ ಮಸೂದೆಗೆ ನಿಮ್ಮ ಮತ ಇದೆಯೋ ಇಲ್ಲವೋ? ಭಾರತದ ಜೊತೆ ಒಪ್ಪಂದಕ್ಕೆ ಒತ್ತಾಯಿಸುತ್ತೀರೋ ಇಲ್ಲವೋ? ‘ಪರಿಶೀಲಿಸುತ್ತೇನೆ’ ಎಂದವರಿಗೆ ನಮ್ಮ ಮತವಿಲ್ಲ.