ಲೆಕ್ಕದ ಕಟ್ಟೆ – 6: 9.4% ಅಂತ ಹೇಳಿದವ್ರು ಇನ್ನೊಂದು ನಂಬರ್ ಮುಚ್ಚಿಟ್ಟಾರ

ದೋಸ್ತರೇ, ಹೋದ ವಾರ ಕ್ಲಾಸ್ ಗ್ರೂಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. "ಎರಡು ಕಂಪನಿ ಒಂದಾಗ್ತಾವ, ಈಗ ಷೇರು ತಗೊಂಡ್ರೆ ವರ್ಷಕ್ಕೆ ಇಷ್ಟು ಪರ್ಸೆಂಟ್ ಗ್ಯಾರಂಟಿ." ಅದನ್ನ ನೋಡಿ ನಮ್ಮ ಮಾವ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರಿ ಬಂದ ರೊಕ್ಕ ಹಾಕ್ಲಾ ಅಂತ ಕೇಳಿದ್ರು. ಬ್ಯಾಡ ಅಂದೆ. ಯಾಕಂದ್ರ, ಆ ಲೆಕ್ಕ ಅರ್ಧ ಮಾತ್ರ ಇತ್ತು.

ನಮ್ಮ ಬೆಂಗಳೂರಿನ ಮೈಂಡ್‌ಟ್ರೀ ಉದಾಹರಣೆ ತಗೊಳ್ಳೋಣ. 2022ರ ಮೇ 6ಕ್ಕೆ ಮೈಂಡ್‌ಟ್ರೀ, ಎಲ್‌ಟಿಐ ಒಂದಾಗ್ತಾವ ಅಂತ ಘೋಷಣೆ ಆಯ್ತು. 100 ಮೈಂಡ್‌ಟ್ರೀ ಷೇರಿಗೆ 73 ಎಲ್‌ಟಿಐ ಷೇರು. ನವೆಂಬರ್ 14ಕ್ಕೆ ವಿಲೀನ ಜಾರಿಗೆ ಬಂತು. ನಡುವೆ 192 ದಿನ.

ಈ ಅನುಪಾತ, ದಿನಾಂಕ ನಿಜ. ಮುಂದಿನ ದರಗಳು ಮಾತ್ರ ಲೆಕ್ಕಕ್ಕೆ ಅಂತ ನಾನು ಹಿಡಿದವು.

ಎಲ್‌ಟಿಐ ದರ 4,600 ಅನ್ನಿ. ಅದರ 0.73 ಪಾಲು ಅಂದ್ರೆ 3,358. ಮೈಂಡ್‌ಟ್ರೀ 3,200ಕ್ಕೆ ಸಿಗ್ತದೆ. ನಡುವಿನ 158 ರೂಪಾಯಿಯೇ ಸ್ಪ್ರೆಡ್. 3,200ರ ಮೇಲೆ ಅದು 4.94%. 192 ದಿನಕ್ಕೆ ಬಂದಿದ್ದನ್ನ 365 ದಿನಕ್ಕೆ ಹಿಗ್ಗಿಸಿದರೆ 9.4%. ಸ್ಕ್ರೀನ್‌ಶಾಟ್‌ನವ್ರು ಇಲ್ಲಿಗೇ ನಿಲ್ತಾರೆ.

ಆದ್ರೆ ಆ 158 ರೂಪಾಯಿ ಯಾರೂ ಮರೆತು ಬಿಟ್ಟು ಹೋದದ್ದಲ್ಲ. ಡೀಲ್ ಮುರೀಬಹುದು ಅನ್ನೋ ಅಂಜಿಕೆಗೆ ಮಾರ್ಕೆಟ್ ಕೊಡೋ ಕೂಲಿ ಅದು. ಮುರಿದ್ರೆ ಮೈಂಡ್‌ಟ್ರೀ 2,720ಕ್ಕೆ ಇಳೀತದೆ ಅಂತ ಹಿಡೀರಿ. ಆಗ 480 ರೂಪಾಯಿ ಲಾಸ್. ಗೆದ್ರೆ 158, ಸೋತ್ರೆ 480.

ಮುರಿಯೋ ಸಾಧ್ಯತೆ 100ಕ್ಕೆ 5 ಆದ್ರೆ, 158ರ 95% ಅಂದ್ರೆ 150. ಅದರಲ್ಲಿ 480ರ 5%, ಅಂದ್ರೆ 24 ಕಳೀರಿ. ಉಳಿಯೋದು 126. ವರ್ಷದ ಲೆಕ್ಕದಲ್ಲಿ 7.5%. ಸಾಧ್ಯತೆ 10 ಆದ್ರೆ ಉಳಿಯೋದು 94, ಅಂದ್ರೆ 5.6%. ಎಫ್‌ಡಿ ಬಡ್ಡಿ 6% ಅಂತ ಹಿಡಿದ್ರೆ, ಅದೇ ದಿನಗಳಿಗೆ ಸುಮ್ನೆ ಕೂತ್ರೂ 101 ರೂಪಾಯಿ ಬರ್ತದೆ. ಎರಡೂ ಸಮ ಆಗೋದು ಮುರಿಯೋ ಸಾಧ್ಯತೆ ಸುಮಾರು 9 ಇದ್ದಾಗ.

ಹಂಗಾಗಿ "9.4% ಸಾಕಾ?" ಅಂತ ಕೇಳೋದೇ ತಪ್ಪು. "ಈ ಡೀಲ್ ಮುರಿಯೋ ಸಾಧ್ಯತೆ 100ಕ್ಕೆ 9ಕ್ಕಿಂತ ಕಡಿಮೆ ಅಂತ ನಾನು ಯಾವ ಆಧಾರದ ಮೇಲೆ ಹೇಳ್ತೀನಿ?" ಅಂತ ಕೇಳ್ಬೇಕು.

ಮೈಂಡ್‌ಟ್ರೀ ವಿಷಯದಲ್ಲಿ ಆಧಾರ ಇತ್ತು. ಎರಡೂ ಕಂಪನಿಯಲ್ಲಿ ದೊಡ್ಡ ಪಾಲು ಎಲ್ ಅಂಡ್ ಟಿಯದ್ದೇ. ಒಂದೇ ಮನೆಯ ಎರಡು ಒಲೆ ಸೇರಿಸಿದಂಗ. ಜಗಳ ಆಡೋರು ಕಡಿಮೆ. ಇನ್ನೊಂದು ಕಡೆ ಝೀ–ಸೋನಿ ನೋಡಿ. ಅದು ಇಂಥದೇ ಷೇರು ಅದಲುಬದಲಿನ ಲೆಕ್ಕ ಅಲ್ಲ, ಆದ್ರೆ ಪಾಠ ಅಲ್ಲೇ ಐತಿ. ಷೇರುದಾರರು ಒಪ್ಪಿದ್ರು, ಸ್ಪರ್ಧಾ ಆಯೋಗ ಒಪ್ಪಿತ್ತು, ಕಂಪನಿ ನ್ಯಾಯಮಂಡಳಿಯೂ ಒಪ್ಪಿತ್ತು. ಆದ್ರೂ 2024ರ ಜನವರಿ 22ಕ್ಕೆ ಸೋನಿ ಕೈಬಿಟ್ಟಿತು. ಒಪ್ಪಂದದ ಷರತ್ತು ಪೂರೈಸಿಲ್ಲ ಅಂತ ಅದರ ಮಾತು. ಮರುದಿನ ಝೀ ಷೇರು 30%ಕ್ಕಿಂತ ಹೆಚ್ಚು ಬಿತ್ತು. ಅನುಮತಿಗಳ ಪಟ್ಟಿ ಮಾತ್ರ ಟಿಕ್ ಮಾಡ್ತಾ ಕೂತವ್ರು ಸಿಕ್ಕಿಬಿದ್ದದ್ದು ಅಲ್ಲೇ.

ಇನ್ನೊಂದು ತೂತು. ಡೀಲ್ ಮುರೀದಿದ್ರೂ ಲಾಸ್ ಆಗಬಹುದು. ಎಲ್‌ಟಿಐ 10% ಬಿದ್ದು 4,140 ಆದ್ರೆ, ನಿಮ್ಮ ಪಾಲು 3,022. ನೀವು ಕೊಟ್ಟದ್ದು 3,200! ಅದಕ್ಕೇ ಈ ಕೆಲಸ ಮಾಡೋ ದೊಡ್ಡವ್ರು 100 ಮೈಂಡ್‌ಟ್ರೀ ಕೊಳ್ಳೋ ಹೊತ್ತಿಗೇ 73 ಎಲ್‌ಟಿಐ ಶಾರ್ಟ್ ಮಾಡ್ತಾರೆ, ಅಂದ್ರೆ ಮೊದಲೇ ಮಾರಿಡ್ತಾರೆ. ಆಗ ಎಲ್‌ಟಿಐ ಏರಲಿ, ಇಳೀಲಿ, 158 ಕೈಯಲ್ಲೇ ಉಳೀತದೆ. ನಮ್ಮಂಥವ್ರಿಗೆ ಷೇರನ್ನ ಶಾರ್ಟ್ ಮಾಡಿ ತಿಂಗಳುಗಟ್ಟಲೆ ಇಡೋಕೆ ದಾರಿ ಫ್ಯೂಚರ್ಸ್. ಅದರ ಒಂದು ಲಾಟ್ ಅಂದ್ರೆ ಹಲವು ಲಕ್ಷದ ವ್ಯವಹಾರ, 73ರ ಲೆಕ್ಕಕ್ಕೆ ಸರಿ ಹೊಂದೋದೂ ಇಲ್ಲ. ಶಾರ್ಟ್ ಇಲ್ಲದೆ ಕೊಂಡ್ರೆ ನೀವು ಮಾಡಿದ್ದು ಆರ್ಬಿಟ್ರೇಜ್ ಅಲ್ಲ. ಎಲ್‌ಟಿಐ ಷೇರನ್ನೇ ಸ್ವಲ್ಪ ಅಗ್ಗಕ್ಕೆ ಕೊಂಡಿರಿ, ಅಷ್ಟೇ.

ಮಾವಗೂ ಇದನ್ನೇ ಹಾಳೆ ಮೇಲೆ ಬರೆದು ತೋರಿಸಿದೆ. "158 ಸಲುವಾಗಿ 480 ಪಣಕ್ಕಿಡೋದಾ? ನಮ್ಮ ಕಾಯಿ ದರಾನೇ ಸಾಕಷ್ಟು ಅಂಜಿಸ್ತದಪ್ಪ" ಅಂದ್ರು. ರೊಕ್ಕ ಎಫ್‌ಡಿಗೆ ಹೋಯ್ತು.

ಮುಂದಿನ ಸಲ ಯಾರಾದ್ರೂ ವರ್ಷದ ಪರ್ಸೆಂಟ್ ತೋರಿಸಿದ್ರೆ ಎರಡೇ ಪ್ರಶ್ನೆ ಕೇಳ್ರಿ: ಮುರಿದ್ರೆ ಎಷ್ಟಕ್ಕೆ ಇಳೀತದೆ? ಶಾರ್ಟ್ ಮಾಡೀರೇನು? ಉತ್ತರ ಬರ್ಲಿಲ್ಲ ಅಂದ್ರೆ ಆ ಪರ್ಸೆಂಟ್ ಮರೆತುಬಿಡ್ರಿ.

ನೀವಾದ್ರೆ ಮೈಂಡ್‌ಟ್ರೀ ಡೀಲ್‌ಗೆ ಮುರಿಯೋ ಸಾಧ್ಯತೆ ಎಷ್ಟು ಹಿಡೀತಿದ್ರಿ? ಕಾರಣ ಸಮೇತ ಕಾಮೆಂಟ್ ಹಾಕ್ರಿ.

#ಲೆಕ್ಕದಕಟ್ಟೆ #ಕರ್ಜಗಿ #ಬಿಕಾಂ